ಲಿಫ್ಟಿಲ್ಲದೆ ಬಾಗಿಲು ತೆರೆದರೆ ಹೊಣೆ ಯಾರದು?

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಾಲ್ಕಂತಸ್ತಿನ ಬಾಡಿಗೆ ಕಟ್ಟಡವೊಂದನ್ನು ಕಲ್ಪಿಸಿಕೊಳ್ಳಿರಿ. ಮಾಲಿಕರ ವಾಸ ಹರಿಹರದಲ್ಲಿ. ಲಿಫ್ಟಿನ ನಿರ್ವಹಣೆಯನ್ನು ಅವರು ವಾರ್ಷಿಕ ಕರಾರಿನಂತೆ ಗುತ್ತಿಗೆದಾರನೊಬ್ಬನಿಗೆ ಒಪ್ಪಿಸಿದ್ದಾರೆ. ಒಂದು ಸಂಜೆ ಮೂರನೆಯ ಅಂತಸ್ತಿನ ಗೃಹಿಣಿ ಬಾಗಿಲನ್ನು ಎಳೆದರು. ಬಾಗಿಲು ತೆರೆಯಿತು, ಲಿಫ್ಟು ಅಲ್ಲಿರಲಿಲ್ಲ. ಕೆಳಗಿನ ಅಂತಸ್ತಿನಲ್ಲಿ ನಿಂತಿದ್ದ ಲಿಫ್ಟಿನ ನೆತ್ತಿಯ ಮೇಲೆ ಬಿದ್ದು ಆಕೆಯ ಕಾಲು ಮುರಿಯಿತು.

“ನಾನು ಹಣ ಕೊಟ್ಟು ತಜ್ಞನನ್ನು ಇಟ್ಟಿದ್ದೆ” ಎನ್ನುತ್ತಾರೆ ಮಾಲಿಕರು. “ಬೀಗ ಬದಲಿಸಬೇಕೆಂದು ಮೂರು ಬಾರಿ ಬರೆದಿದ್ದೆ” ಎನ್ನುತ್ತಾನೆ ಗುತ್ತಿಗೆದಾರ.

ಪ್ರತಿ ಅಂತಸ್ತಿನ ಬಾಗಿಲಿಗೂ ಒಂದು ಬೀಗವುಂಟು. ಲಿಫ್ಟು ಬಂದು ನಿಲ್ಲುವವರೆಗೆ ಅದು ಬಾಗಿಲನ್ನು ಬಿಡಬಾರದು. ಅದರೊಡನೆ ಒಂದು ವಿದ್ಯುತ್ ಸಂಪರ್ಕವೂ ಇದ್ದು, ಬೀಗ ಸರಿಯಾಗಿ ಬೀಳದಿದ್ದರೆ ಲಿಫ್ಟನ್ನು ಕದಲಗೊಡುವುದಿಲ್ಲ. ಆದುದರಿಂದ ಬೀಗದ ಕೊಕ್ಕೆ ಸವೆದರೆ ಲಿಫ್ಟು ನಿಂತುಬಿಡಬೇಕೇ ಹೊರತು ಅಪಘಾತವಾಗಬಾರದು. ಆದರೆ ದೋಷವನ್ನು ಹುಡುಕುವಾಗ ಮೆಕ್ಯಾನಿಕ್ ಆ ಸಂಪರ್ಕಕ್ಕೆ ಅಡ್ಡವಾಗಿ ಒಂದು ತುಂಡು ತಂತಿ ಜೋಡಿಸುವುದುಂಟು. ಅದನ್ನು ತೆಗೆಯಲು ಮರೆತನೋ, ಬಾಗಿಲು ಓರೆಯಾಗಿದ್ದರೂ ಲಿಫ್ಟು ಓಡುತ್ತದೆ! ಇಂಥ ಓಟವನ್ನು ಕಂಡ ನಿವಾಸಿ ಕೂಡಲೇ ಲಿಫ್ಟನ್ನು ನಿಲ್ಲಿಸಿಸಬೇಕು.

ನಮ್ಮ ಪ್ರಸಂಗದಲ್ಲಿ ಎರಡೂ ಕೂಡಿದ್ದವು. ಸವೆದ ಕೊಕ್ಕೆ ಮಾಲಿಕರ ಜಿಪುಣತನದ ಫಲ. ತಂತಿ ಗುತ್ತಿಗೆದಾರನ ಕಡೆಯದು.

ಲಂಡನ್ನಿನಲ್ಲಿ 1941ರಲ್ಲಿ ತೀರ್ಮಾನವಾದ ಹ್ಯಾಸೆಲ್ಡೈನ್ ಮೊಕದ್ದಮೆ ಇಲ್ಲಿ ನೆನಪಾಗುತ್ತದೆ. ರಿಪೇರಿಗಾರರು ನೀರಿನ ಒತ್ತಡದಿಂದ ನಡೆಯುವ ಲಿಫ್ಟೊಂದರ ಭಾಗವನ್ನು ಸರಿಯಾಗಿ ಮರುಜೋಡಿಸದೆ ಹೋದರು. ಲಿಫ್ಟು ಕುಸಿದು, ಬಾಡಿಗೆದಾರನನ್ನು ಕಾಣಬಂದಿದ್ದವನಿಗೆ ಪೆಟ್ಟಾಯಿತು. ಸಮರ್ಥರನ್ನು ನೇಮಿಸಿದ್ದ ಮಾಲಿಕ ಬಿಡುಗಡೆ ಹೊಂದಿದ. ಗಾಯಾಳುವಿನೊಡನೆ ಯಾವ ಕರಾರೂ ಇರದಿದ್ದರೂ ರಿಪೇರಿಗಾರರೇ ಹೊಣೆಯಾದರು. ಯಂತ್ರದ ಒಳಗುಟ್ಟು ಮಾಲಿಕನಿಗೆ ತಿಳಿಯಬೇಕಿಲ್ಲವೆಂಬುದು ಅದರ ತಿರುಳು. ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲವಾದರೂ ವಾದಕ್ಕೆ ಒದಗುತ್ತದೆ.

ಹರಿಹರದ ಮಾಲಿಕರಿಗೆ ಅದು ಆಸರೆಯಾದೀತೆ? ಆಗಲಾರದು. ಲಂಡನ್ನಿನ ಮಾಲಿಕನಿಗೆ ದೋಷದ ಅರಿವಿರಲಿಲ್ಲ. ಇವರಿಗೆ ಬರಹದಲ್ಲೇ ತಿಳಿಸಲಾಗಿತ್ತು. ಸರ್ವಿಸ್ ಪುಸ್ತಕದಲ್ಲಿ ಆ ಸೂಚನೆಯ ಕೆಳಗೆ ಅವರ ರುಜುವೇ ಇದೆ. ಮೇಲಾಗಿ ಕರ್ನಾಟಕದ 2012ರ ಲಿಫ್ಟು ಕಾಯಿದೆ ಮಾಲಿಕರನ್ನೇ ಮುಂದೆ ನಿಲ್ಲಿಸುತ್ತದೆ. ಇತ್ತ ಗುತ್ತಿಗೆದಾರನೂ ಪಾರಾಗಲಾರ. ಅಪಾಯವನ್ನು ಬರೆದಿಟ್ಟು, ತಂತಿ ಕಟ್ಟಿದ ಲಿಫ್ಟನ್ನು ಓಡಲು ಬಿಟ್ಟವನು ಅವನೇ ತಾನೆ?

ಗಾಯಾಳು ಇವರ ಜಗಳ ಮುಗಿಯುವವರೆಗೆ ಕಾಯಬೇಕಿಲ್ಲ. ಇಬ್ಬರ ಅಲಕ್ಷ್ಯವೂ ಕೂಡಿ ಪೆಟ್ಟಾದಾಗ ಇಬ್ಬರನ್ನೂ ಪ್ರತಿವಾದಿಗಳನ್ನಾಗಿಸಿ, ಪೂರ್ತಿ ಪರಿಹಾರವನ್ನು ಒಬ್ಬನಿಂದಲೇ ಪಡೆಯಬಹುದು; ಪಾಲಿನ ಲೆಕ್ಕ ಅವರವರದು. ಆಕೆಯ ಮನೆಯವರು ಮೊದಲು ಮಾಡಬೇಕಾದ ಕೆಲಸವೆಂದರೆ, ತಂತಿ ಮಾಯವಾಗುವ ಮುನ್ನ ಬೀಗದ ಛಾಯಾಚಿತ್ರ ತೆಗೆದು, ಸರ್ವಿಸ್ ಪುಸ್ತಕದ ಪುಟಗಳ ಪ್ರತಿ ಪಡೆದು, ವಿದ್ಯುತ್ ಪರಿವೀಕ್ಷಕರಿಗೆ ಲಿಖಿತವಾಗಿ ತಿಳಿಸುವುದು.