ದುಡ್ಡು ಬರ್ಲಿಲ್ಲ, ಕಟ್ ಆಯ್ತು!

ಮಿನಿ ಪ್ರಾಜೆಕ್ಟ್‌ಗೆಂದು ನಾವು ಮೂವರು ಗೆಳೆಯರು ಬ್ಯಾಂಕ್ ಸಹಾಯವಾಣಿಯ ಚಾಟ್‌ಬಾಟ್ ಮಾಡಿದೆವು. ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಅದು ಉತ್ತರಿಸಬೇಕು. ಇಂಗ್ಲಿಷ್‌ನಲ್ಲಿ ಬರೆದು ಅನುವಾದಿಸಿದರೆ ಮುಗೀತು ಅಂದುಕೊಂಡಿದ್ದೆ.

ಮೊದಲು ಪರೀಕ್ಷಿಸಿದ್ದು ಅಮ್ಮ. ‘ಎಟಿಎಂನಲ್ಲಿ ನೋಟು ಬರದೆ ಖಾತೆಯಲ್ಲಿ ಹಣ ಕಡಿಮೆಯಾದರೆ ಹೇಗೆ ಕೇಳ್ತೀಯಮ್ಮ?’ ಅಂದೆ. ‘duddu barlilla, cut aytu’ ಎಂದು ಟೈಪ್ ಮಾಡಿದಳು. ನಾನು ಬಾಟ್‌ಗೆ ಕೊಟ್ಟಿದ್ದ ವಾಕ್ಯ ‘ವಹಿವಾಟು ವಿಫಲವಾಗಿದೆ’! ‘duddu barlilla’ ಎಂಬುದು ಸಂಬಳ ಜಮೆಯಾಗದವರ ಪಟ್ಟಿಯಲ್ಲಿತ್ತು. ಬಾಟ್ ಅಮ್ಮನಿಗೆ ಸಂಬಳದ ಬಗ್ಗೆ ವಿವರಿಸಿತು.

ಆಮೇಲೆ ಅಕ್ಕಪಕ್ಕದವರನ್ನೆಲ್ಲ ಕೇಳಿ, ಅವರು ಹೇಳಿದಂತೆಯೇ ಬರೆದುಕೊಂಡೆ. ಹಿಂದಿಯಲ್ಲಿ ‘ಪೈಸಾ ಕಟ್ ಗಯಾ, ನಿಕಲಾ ನಹೀ’ ಸೇರಿತು. ‘ಬರಲಿಲ್ಲ’ದ ಜೊತೆ ‘ಕಟ್’ ಇದ್ದರೆ ಅದು ಎಟಿಎಂ ದೂರು.

ಪ್ರತಿ ಸಾಲಿಗೂ ಅಂಟಿಸಿದ್ದ ‘ದಯವಿಟ್ಟು’ ತೆಗೆದೆ. ಇಂಗ್ಲಿಷ್‌ಗೆ ‘ಪ್ಲೀಸ್’ ಬೇಕು. ಕನ್ನಡದ ‘ಹೇಳಿ’, ಹಿಂದಿಯ ‘ಬತಾಇಯೇ’ಯಲ್ಲಿ ಮರ್ಯಾದೆ ಒಳಗೇ ಇದೆ.

ಅರ್ಥವಾಗದಿದ್ದಾಗ ಬಾಟ್ ‘ಸರಿಯಾಗಿ ಟೈಪ್ ಮಾಡಿ’ ಅನ್ನುತ್ತಿತ್ತು. ‘ತಪ್ಪು ನಂದಾ?’ ಎಂದು ಅಮ್ಮ ಫೋನ್ ಕೆಳಗಿಟ್ಟಿದ್ದಳು. ಈಗ ಅದು, ‘ಎಟಿಎಂನಲ್ಲಿ ಹಣ ಬರಲಿಲ್ಲವೇ? ಖಾತೆಗೆ ಜಮೆಯಾಗಿಲ್ಲವೇ?’ ಎಂದು ಎರಡು ಆಯ್ಕೆ ಕೊಡುತ್ತದೆ. ಮತ್ತೂ ಗೊತ್ತಾಗದಿದ್ದರೆ ಅಲ್ಲಿಯವರೆಗಿನ ಮಾತನ್ನೆಲ್ಲ ಸಿಬ್ಬಂದಿಗೆ ದಾಟಿಸುತ್ತದೆ. ಮೊದಲಿಂದ ಹೇಳಬೇಕಿಲ್ಲ.

ಎರಡನೇ ಸಲ ಅಮ್ಮನಿಗೆ ಸಿಕ್ಕ ಉತ್ತರ: ‘ಹಣ 5 ದಿನದೊಳಗೆ ವಾಪಸ್ ಬರಬೇಕು. ತಡವಾದರೆ ಆರ್‌ಬಿಐ ನಿಯಮದಂತೆ ದಿನಕ್ಕೆ ₹100 ಪರಿಹಾರ.’

‘ಇಷ್ಟನ್ನ ಮೊದಲೇ ಹೇಳ್ಬಾರ್ದಿತ್ತಾ?’ ಅಂದಳು ಅಮ್ಮ.