ಎರಡು ಗೆರೆಗಳ ನಡುವಿನ ನಾಲ್ಕು ಗಂಟೆ

ಲೇಬರ್ ರೂಮಿನ ಬಾಗಿಲಲ್ಲಿ ಕಾದು ಕೂತವರು ಸಿಸ್ಟರ್ ಹೊರಗೆ ಬಂದಾಗಲೆಲ್ಲ ಕೇಳುವುದು ಒಂದೇ ಮಾತು: "ಇನ್ನೂ ಎಷ್ಟು ಹೊತ್ತಾಗುತ್ತೆ ಸಿಸ್ಟರ್?" ಮಗು ಇಷ್ಟು ಗಂಟೆಗೇ ಹುಟ್ಟುತ್ತದೆಂದು ಯಾರೂ ಹೇಳಲಾರರು. ಆದರೆ ಹೆರಿಗೆ ಮುಂದೆ ಸಾಗುತ್ತಿದೆಯೇ, ಎಲ್ಲಾದರೂ ತಡೆದು ನಿಂತಿದೆಯೇ ಎಂಬುದನ್ನು ಒಂದು ಹಾಳೆ ನೋಡಿ ಹೇಳಬಹುದು. ಆ ಹಾಳೆಯ ಹೆಸರು ಪಾರ್ಟೋಗ್ರಾಫ್.

ಹೆರಿಗೆಯನ್ನು ಹಂತಗಳಾಗಿ ವಿಂಗಡಿಸುತ್ತಾರೆ. ನಿಜವಾದ ನೋವು ಶುರುವಾದಾಗಿನಿಂದ ಗರ್ಭಕೋಶದ ಬಾಯಿ ಪೂರ್ತಿ, ಅಂದರೆ 10 ಸೆಂ.ಮೀ. ತೆರೆಯುವವರೆಗಿನದು ಮೊದಲ ಹಂತ. ಅಲ್ಲಿಂದ ಮಗು ಹುಟ್ಟುವವರೆಗೆ ಎರಡನೆಯದು, ಮಾಸು ಹೊರಬೀಳುವವರೆಗೆ ಮೂರನೆಯದು. ಅದರ ನಂತರ ರಕ್ತಸ್ರಾವದ ಮೇಲೆ ಕಣ್ಣಿಟ್ಟು ಕಾಯುವ ಒಂದೆರಡು ಗಂಟೆಯನ್ನು ನಾಲ್ಕನೆಯ ಹಂತ ಎನ್ನುವುದುಂಟು. ಎಲ್ಲಕ್ಕಿಂತ ದೀರ್ಘವಾದದ್ದು ಮೊದಲನೆಯದೇ. ಅದರಲ್ಲೂ ಎರಡು ಭಾಗ. ಮೊದಮೊದಲು ನೋವು ಬಂದು ಹೋಗುತ್ತಿರುತ್ತದೆ, ಬಾಯಿ ನಿಧಾನವಾಗಿ ಮೆತ್ತಗಾಗಿ ಕಿರಿದಾಗುತ್ತ ತೆರೆಯತೊಡಗುತ್ತದೆ. ಇದಕ್ಕೆ ಹಲವು ಗಂಟೆ ಹಿಡಿದರೂ ಗಾಬರಿಯಾಗಬೇಕಿಲ್ಲ. 4 ಸೆಂ.ಮೀ. ದಾಟಿದ ಮೇಲೆ ನೋವು ಬಿರುಸಾಗುತ್ತದೆ, ಬಾಯಿ ತೆರೆಯುವ ವೇಗವೂ ಹೆಚ್ಚುತ್ತದೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಳಸುವ ಸರಳ ಪಾರ್ಟೋಗ್ರಾಫನ್ನು ಬರೆಯಲು ಶುರುಮಾಡಬೇಕಾದದ್ದು ಇಲ್ಲಿಂದ.

ಬಾಯಿ ತೆರೆಯುವುದನ್ನು ಗಂಟೆಗಳಿಗೆ ಎದುರಾಗಿ ನಕ್ಷೆಯಲ್ಲಿ ಗುರುತಿಸಿ ತೋರಿಸಿದವರು ಅಮೆರಿಕದ ಇಮ್ಯಾನುಯೆಲ್ ಫ್ರೀಡ್‌ಮನ್, 1954ರಲ್ಲಿ. ಅದಕ್ಕೆ ಎರಡು ಓರೆ ಗೆರೆಗಳನ್ನು ಸೇರಿಸಿದವರು ಫಿಲ್ಪಾಟ್ ಮತ್ತು ಕ್ಯಾಸಲ್ ಎಂಬ ವೈದ್ಯರು. ಅವರು ಕೆಲಸ ಮಾಡುತ್ತಿದ್ದುದು ಇಂದಿನ ಜಿಂಬಾಬ್ವೆಯಲ್ಲಿ. ಹಳ್ಳಿಯ ಕ್ಲಿನಿಕ್‌ನಲ್ಲಿ ಹೆರಿಗೆ ಮಾಡಿಸುವ ಸೂಲಗಿತ್ತಿ ನರ್ಸ್ ಒಬ್ಬಳೇ ಇರುತ್ತಾಳೆ, ದೊಡ್ಡಾಸ್ಪತ್ರೆ ದೂರ. ಯಾವ ಹೊತ್ತಿಗೆ ಕಳಿಸಬೇಕೆಂದು ಅವಳು ತೀರ್ಮಾನಿಸುವುದು ಹೇಗೆ? 1972ರಲ್ಲಿ ಅವರು ಪ್ರಕಟಿಸಿದ ಗೆರೆಗಳು ಈ ಪ್ರಶ್ನೆಗೆ ಉತ್ತರವಾಗಿ ಬಂದವು. ಎಡಗಡೆಯ ಅಲರ್ಟ್ ಗೆರೆ 4 ಸೆಂ.ಮೀ.ನಿಂದ ಹೊರಟು ಗಂಟೆಗೆ ಒಂದು ಸೆಂ.ಮೀ.ನಂತೆ ಏರುತ್ತದೆ. ಅದಕ್ಕೆ ಸಮನಾಗಿ, ನಾಲ್ಕು ಗಂಟೆ ಬಲಕ್ಕೆ ಇರುವುದು ಆಕ್ಷನ್ ಗೆರೆ. ಮೊದಲ ಗೆರೆ ದಾಟಿದರೆ ಎಚ್ಚೆತ್ತುಕೊಳ್ಳಬೇಕು, ಎರಡನೆಯದನ್ನು ಮುಟ್ಟುವಷ್ಟರಲ್ಲಿ ಏನು ಮಾಡಬೇಕೆಂದು ವೈದ್ಯರು ನಿರ್ಧರಿಸಿರಬೇಕು. ನಡುವಿನ ನಾಲ್ಕು ಗಂಟೆ ಇರುವುದೇ ಗಾಡಿ ಕರೆಸಿ, ದಾರಿ ಸವೆಸಿ, ದೊಡ್ಡಾಸ್ಪತ್ರೆ ಸೇರಲಿಕ್ಕೆ.

ಒಂದು ಉದಾಹರಣೆ ಇಟ್ಟುಕೊಂಡು ಹಾಳೆಯನ್ನು ಓದೋಣ. ಚೊಚ್ಚಲ ಬಸುರಿಯೊಬ್ಬಳು ಬೆಳಗಿನ ಜಾವ ನೋವು ಶುರುವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಿದ್ದಾಳೆ ಅನ್ನಿ. ಹತ್ತು ಗಂಟೆಗೆ ಪರೀಕ್ಷೆ ಮಾಡಿದಾಗ ಬಾಯಿ 4 ಸೆಂ.ಮೀ. ತೆರೆದಿದೆ. ಸಿಸ್ಟರ್ ಅಲರ್ಟ್ ಗೆರೆಯ ಬುಡದಲ್ಲೇ ಒಂದು ಕತ್ತರಿ ಗುರುತು ಹಾಕಿ, ಕೆಳಗೆ ಸಮಯ ಬರೆಯುತ್ತಾರೆ. ಒಳಪರೀಕ್ಷೆ ಮತ್ತೆ ನಾಲ್ಕು ಗಂಟೆಯ ನಂತರವೇ. ಪದೇ ಪದೇ ಮಾಡಿದರೆ ಸೋಂಕು ತಗಲುವ ಅಪಾಯ ಹೆಚ್ಚು. ರಕ್ತ ಹೋಗುತ್ತಿದ್ದರಂತೂ ಮಾಡಲೇಬಾರದು.

ಆದರೆ ಆ ನಾಲ್ಕು ಗಂಟೆ ಸಿಸ್ಟರ್ ಕೈಕಟ್ಟಿ ಕೂರುವಂತಿಲ್ಲ. ಪ್ರತಿ ಅರ್ಧ ಗಂಟೆಗೊಮ್ಮೆ ಆಕೆ ಮಂಚದ ಪಕ್ಕ ನಿಂತು ಹೊಟ್ಟೆಯ ಮೇಲೆ ಅಂಗೈ ಇಟ್ಟು ಹತ್ತು ನಿಮಿಷ ಕಾಯುತ್ತಾರೆ. ಅಷ್ಟರಲ್ಲಿ ಎಷ್ಟು ನೋವು ಬಂದವು, ಒಂದೊಂದೂ ಎಷ್ಟು ಸೆಕೆಂಡು ನಿಂತಿತು ಎಂದು ಎಣಿಸುತ್ತಾರೆ. ಎಷ್ಟು ನೋವೋ ಅಷ್ಟು ಚೌಕ ತುಂಬಬೇಕು. ಇಪ್ಪತ್ತು ಸೆಕೆಂಡಿಗಿಂತ ಕಡಿಮೆಯಿದ್ದರೆ ಚುಕ್ಕಿ, ನಲವತ್ತರೊಳಗಿದ್ದರೆ ಓರೆಗೆರೆ, ಅದನ್ನೂ ಮೀರಿದರೆ ಪೂರ್ತಿ ಕಪ್ಪು. ಹೆರಿಗೆ ಚೆನ್ನಾಗಿ ನಡೆಯುತ್ತಿದ್ದರೆ ಹೊತ್ತು ಏರಿದಂತೆ ಚೌಕಗಳ ಸಾಲು ಎತ್ತರವಾಗಿ ಕಪ್ಪಾಗುತ್ತ ಹೋಗುತ್ತದೆ.

ಮಗುವಿನ ಎದೆಬಡಿತ ಕೇಳುವುದೂ ಅರ್ಧ ಗಂಟೆಗೊಮ್ಮೆ. ಒಂದು ನೋವು ಮುಗಿದ ಕೂಡಲೇ ಡಾಪ್ಲರ್ ಅಥವಾ ಫೀಟೋಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು, ಏಕೆಂದರೆ ಸೋತ ಮಗುವಿನ ಬಡಿತ ಇಳಿಯುವುದು ಹೆಚ್ಚಾಗಿ ಆ ಗಳಿಗೆಯಲ್ಲಿ. ಅದೇ ಹೊತ್ತಿಗೆ ತಾಯಿಯ ನಾಡಿ ಹಿಡಿದಿರುವುದೂ ಅಗತ್ಯ. ಇಲ್ಲದಿದ್ದರೆ ತಾಯಿಯ ಬಡಿತವನ್ನೇ ಮಗುವಿನದೆಂದು ಬರೆದುಬಿಡುವ ಅಪಾಯವಿದೆ. ನಿಮಿಷಕ್ಕೆ 120ರಿಂದ 160ರ ಒಳಗಿದ್ದರೆ ಸರಿ. ನೀರು ಒಡೆದಿದ್ದರೆ ಅದರ ಬಣ್ಣ ನೋಡಬೇಕು. ಹಸಿರು ಬಣ್ಣಕ್ಕೆ ತಿರುಗಿದ್ದರೆ ಮಗು ಒಳಗೇ ಮಲ ಮಾಡಿದೆ ಎಂದರ್ಥ. ತಾಯಿಯ ಬಿಪಿ ಮತ್ತು ಜ್ವರ ನೋಡುವುದು ನಾಲ್ಕು ಗಂಟೆಗೊಮ್ಮೆ ಸಾಕು.

ಹಾಳೆಯಲ್ಲಿ ಚೌಕವಿಲ್ಲದಿದ್ದರೂ ಸಿಸ್ಟರ್ ಮರೆಯಬಾರದ ಒಂದು ಕೆಲಸವಿದೆ: ತಾಯಿ ಮೂತ್ರ ಮಾಡಿದಳೇ ಎಂದು ಕೇಳುವುದು. ಮೂತ್ರಚೀಲ ತುಂಬಿದ್ದರೆ ಮಗುವಿನ ತಲೆ ಕೆಳಗಿಳಿಯಲು ಅಡ್ಡಿಯಾಗುತ್ತದೆ. ಓಡಾಡಲು ಬಿಡುವುದು, ನೀರು, ಗಂಜಿ ಕೊಡುವುದು, ಅಮ್ಮನೋ ಅತ್ತೆಯೋ ಪಕ್ಕದಲ್ಲಿರುವುದು, ಇವೂ ಮೊದಲ ಹಂತದ ಶುಶ್ರೂಷೆಯೇ.

ಮಧ್ಯಾಹ್ನ ಎರಡು ಗಂಟೆ. ಒಳಪರೀಕ್ಷೆಯಲ್ಲಿ ಬಾಯಿ 6 ಸೆಂ.ಮೀ. ಅಲರ್ಟ್ ಗೆರೆಯ ಲೆಕ್ಕದಲ್ಲಿ ಈ ಹೊತ್ತಿಗೆ 8 ಆಗಬೇಕಿತ್ತು. ಗುರುತು ಆ ಗೆರೆಯಿಂದ ಎರಡು ಗಂಟೆ ಬಲಕ್ಕೆ ಬಿದ್ದಿದೆ, ಆಕ್ಷನ್ ಗೆರೆಗೆ ಇನ್ನೆರಡು ಗಂಟೆ ಉಳಿದಿದೆ. ಮಗುವಿನ ಬಡಿತ 140, ನೀರು ಒಡೆದಿಲ್ಲ, ತಾಯಿಯ ನಾಡಿ ಸರಿಯಿದೆ. ಆದರೆ ನೋವಿನ ಚೌಕಗಳು ಬೆಳಗಿನಿಂದ ಬೆಳೆದೇ ಇಲ್ಲ. ಹತ್ತು ನಿಮಿಷಕ್ಕೆ ಎರಡೇ, ಅವೂ ಓರೆಗೆರೆಯವು. ತಡೆ ಎಲ್ಲಿರಬಹುದೆಂದು ಹಾಳೆ ಸೂಚಿಸುವುದು ಹೀಗೆ. ಬಲವಾದ ನೋವು ಬರುತ್ತಿದ್ದೂ ಬಾಯಿ ತೆರೆಯದಿದ್ದರೆ ಮಗುವಿನ ತಲೆಗೂ ತಾಯಿಯ ಸೊಂಟದ ಎಲುಬಿಗೂ ಹೊಂದದಿರಬಹುದು ಅಥವಾ ತಲೆ ತಿರುವಿಕೊಂಡಿರಬಹುದು ಎಂಬ ಅನುಮಾನ ಮೊದಲು ಬರುತ್ತದೆ. ಇಲ್ಲಿ ನೋವೇ ಸಾಲದು.

ತಾಯಿ, ಮಗು ಇಬ್ಬರೂ ಚೆನ್ನಾಗಿರುವಾಗಲೇ ಆಕೆಯನ್ನು ಕಳಿಸಬೇಕಾದ ಹೊತ್ತು ಇದು. "ಇನ್ನೊಂದೆರಡು ಗಂಟೆ ನೋಡೋಣಮ್ಮ" ಎಂದು ಮನೆಯವರು ಹೇಳಬಹುದು. ಆದರೆ ಕೇಂದ್ರದಲ್ಲಿ ಸಿಸೇರಿಯನ್ ಸೌಲಭ್ಯವಿಲ್ಲ, ಆ ಎರಡು ಗಂಟೆ ದಾರಿಗೆ ಬೇಕು. ಸಿಸ್ಟರ್ 108ಕ್ಕೆ ಫೋನ್ ಮಾಡಿ, ಹಾಳೆಯನ್ನು ಆಕೆಯ ಜೊತೆಗೇ ಕೊಟ್ಟು ಕಳಿಸುತ್ತಾರೆ. ತಾಲೂಕು ಆಸ್ಪತ್ರೆಯ ವೈದ್ಯರು ಅದನ್ನು ನೋಡಿ, ತಲೆ ಮತ್ತು ಸೊಂಟದ ಅಳತೆ ಅಂದಾಜಿಸಿ, ನೀರು ಒಡೆದು, ಆಕ್ಸಿಟೋಸಿನ್ ಡ್ರಿಪ್ ಹಚ್ಚುತ್ತಾರೆ. ಚೌಕಗಳು ನಾಲ್ಕಕ್ಕೇರಿ ಕಪ್ಪಾಗುತ್ತವೆ. ಐದೂವರೆಗೆ 9 ಸೆಂ.ಮೀ., ಆರೂವರೆಗೆ ಪೂರ್ತಿ. ಆಕ್ಷನ್ ಗೆರೆ ಮುಟ್ಟದೆಯೇ ಎರಡನೆಯ ಹಂತ ಶುರುವಾಗುತ್ತದೆ.

ಈ ಹಾಳೆ ಕೈಕೊಡುವುದು ಹೆಚ್ಚಾಗಿ ಎರಡು ಬಗೆಯಲ್ಲಿ. 4 ಸೆಂ.ಮೀ. ಆಗುವ ಮೊದಲೇ ಬರೆಯತೊಡಗಿದರೆ ಆರೋಗ್ಯವಾಗಿರುವವಳೂ ಗೆರೆ ದಾಟಿದಂತೆ ಕಂಡು, ಬೇಡದ ಡ್ರಿಪ್, ಬೇಡದ ಸಿಸೇರಿಯನ್ ಆಗುತ್ತದೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು: ಹೆರಿಗೆ ಮುಗಿದ ಮೇಲೆ ಕೂತು ತುಂಬುವುದು. ಅಂಥ ಹಾಳೆ ನೋಡಿದರೆ ಗೊತ್ತಾಗುತ್ತದೆ. ಗುರುತುಗಳೆಲ್ಲ ಅಲರ್ಟ್ ಗೆರೆಯ ಮೇಲೇ ಅಂದವಾಗಿ ಕೂತಿರುತ್ತವೆ, ಎದೆಬಡಿತ ಎಲ್ಲ ಹೊತ್ತಿನಲ್ಲೂ 140 ಇರುತ್ತದೆ. ಇದಕ್ಕೆ ನರ್ಸ್‌ಗಳನ್ನಷ್ಟೇ ದೂರುವುದು ಅನ್ಯಾಯ. ಅರ್ಧ ಗಂಟೆಗೊಮ್ಮೆ ಒಂದು ಮಂಚದ ಪಕ್ಕ ಹತ್ತು ನಿಮಿಷ ನಿಲ್ಲಬೇಕಾದವರು ಒಬ್ಬರೇ ನಾಲ್ಕೈದು ಮಂಚ ನೋಡುತ್ತಿದ್ದರೆ ಲೆಕ್ಕ ಕೂಡುವುದಿಲ್ಲ.

ಗೆರೆಯ ಬಗ್ಗೆಯೂ ಮರುಚಿಂತನೆ ನಡೆದಿದೆ. ಗಂಟೆಗೆ ಒಂದು ಸೆಂ.ಮೀ. ಎಂಬ ವೇಗ ಎಷ್ಟೋ ಹೆಂಗಸರಿಗೆ ಒಪ್ಪುವುದಿಲ್ಲ. ಅದಕ್ಕಿಂತ ನಿಧಾನವಾಗಿ ಹೋಗಿಯೂ ಅವರ ಹೆರಿಗೆ ಸುಖವಾಗಿ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಂದ ಹೊಸ ಹಾಳೆಯಲ್ಲಿ ಎರಡೂ ಓರೆ ಗೆರೆಗಳಿಲ್ಲ. ಅದು ಶುರುವಾಗುವುದು 5 ಸೆಂ.ಮೀ.ನಿಂದ. ಒಂದೊಂದು ಸೆಂ.ಮೀ.ಗೂ ಬೇರೆ ಬೇರೆ ಗಡುವು: 5ರಲ್ಲಿ ಆರು ಗಂಟೆ ಕಳೆದರೂ ಮುಂದುವರಿಯದಿದ್ದರೆ ಎಚ್ಚರ, 9ರಲ್ಲಾದರೆ ಎರಡೇ ಗಂಟೆ. ಜೊತೆಗೊಬ್ಬರು ಇದ್ದಾರೆಯೇ, ಏನಾದರೂ ಕುಡಿದಳೇ, ನೋವು ಕಡಿಮೆ ಮಾಡಲು ಏನು ಕೊಟ್ಟಿರಿ, ಯಾವ ಭಂಗಿಯಲ್ಲಿದ್ದಾಳೆ ಎಂಬವಕ್ಕೂ ಅದರಲ್ಲಿ ಮೇಲಿನ ಸಾಲುಗಳಲ್ಲೇ ಚೌಕಗಳಿವೆ.