‘ಇಲ್ಲ’ ಎನ್ನದ ಡಿಸ್ಕ್

ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಿದ್ದರೆ ಒಳಗೆ ಏನೋ ಕೆಲಸ ನಡೆಯುತ್ತಿದೆ ಎಂದುಕೊಳ್ಳುತ್ತೇವೆ. ಹಾಗೇನೂ ಇಲ್ಲ. ಚುಕ್ಕಿ ಸುತ್ತಿಸುವುದು ಪ್ರೋಗ್ರಾಮಿನ ಒಂದು ಭಾಗ, ಡಿಸ್ಕಿನಿಂದ ಫೈಲ್ ತರಿಸಿಕೊಳ್ಳುವುದು ಇನ್ನೊಂದು ಭಾಗ. ಎರಡನೆಯದು ಡಿಸ್ಕಿನ ಬಾಗಿಲಲ್ಲಿ ಕಾಯುತ್ತ ನಿಂತುಬಿಟ್ಟರೂ ಮೊದಲನೆಯದು ಮುಗುಳ್ನಗುತ್ತ ಸುತ್ತುತ್ತಲೇ ಇರುತ್ತದೆ. ಆದ್ದರಿಂದ ಲೋಡಿಂಗ್ ಮುಗಿಯದೇ ಇದ್ದಾಗ ಪರದೆಯನ್ನು ನೋಡುತ್ತ ಕೂತರೆ ಏನೂ ತಿಳಿಯುವುದಿಲ್ಲ. ಡಿಸ್ಕ್ ಏನು ಮಾಡುತ್ತಿದೆ ಎಂದು ಬೇರೆ ಕಡೆಯಿಂದ ಇಣುಕಬೇಕು.

ಮದುವೆ ಸೀಸನ್ನಿನಲ್ಲಿ ಒಂದು ಡಿಟಿಪಿ ಅಂಗಡಿಯ ಕಂಪ್ಯೂಟರ್ ಹೀಗೆ ಕೈಕೊಟ್ಟಿತ್ತು. ಲಗ್ನಪತ್ರಿಕೆ ಮಾಡುವ ಡಿಸೈನ್ ಸಾಫ್ಟ್‌ವೇರ್ ತೆರೆದರೆ ಅದರ ಹೆಸರಿನ ಚಿತ್ರ ಬಂದು ಅಲ್ಲಿಗೇ ನಿಲ್ಲುತ್ತಿತ್ತು. ಮಾಲೀಕರು ಕಾಫಿ ಕುಡಿದು ಬಂದರೂ ಅದೇ ಚಿತ್ರ. “ಎರಡು ಸಲ ಕಿತ್ತು ಮತ್ತೆ ಹಾಕ್ದೆ ಸಾರ್, ವೈರಸ್ಸೂ ಕ್ಲೀನ್ ಮಾಡ್ಸ್ದೆ. ಎಲ್ಲಾದ್ರೂ ಕ್ರ್ಯಾಕ್ ಆಗಿದ್ಯಾ ಅಂತ ನೋಡಿ,” ಎಂದರು. ಸಾಫ್ಟ್‌ವೇರ್ ಸರಿಯಾಗಿಯೇ ಇತ್ತು. ಒಳಗಿದ್ದದ್ದು ನಿಮಿಷಕ್ಕೆ 7,200 ಸುತ್ತು ತಿರುಗುವ 1 ಟಿಬಿ ಹಾರ್ಡ್‌ಡಿಸ್ಕ್. ಅದರ ಕಥೆ ತಿಳಿಯಬೇಕಾದರೆ ಮೊದಲು ಆರೋಗ್ಯವಾಗಿರುವ ಡಿಸ್ಕೇ ಎಷ್ಟು ನಿಧಾನ ಎಂದು ತಿಳಿಯಬೇಕು.

ಹಾರ್ಡ್‌ಡಿಸ್ಕಿನಲ್ಲಿ ಅಯಸ್ಕಾಂತದ ಲೇಪವಿರುವ ತಟ್ಟೆಗಳು ತಿರುಗುತ್ತವೆ. ಒಂದು ತೋಳಿನ ತುದಿಯಲ್ಲಿರುವ ಹೆಡ್ಡು ಅವುಗಳ ಮೇಲೆ ಆಚೀಚೆ ಸರಿದು ಓದುತ್ತದೆ. 7,200 ಸುತ್ತಿನ ಡಿಸ್ಕಿಗೆ ಒಂದು ಸುತ್ತು ಮುಗಿಸಲು ಸುಮಾರು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ತೋಳು ಸರಿಯಲು ಒಂಬತ್ತು ಮಿಲಿಸೆಕೆಂಡ್ ಆಗುತ್ತದೆ. ಒಟ್ಟು 13 ಮಿಲಿಸೆಕೆಂಡ್. ಅಂದರೆ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ ತುಣುಕುಗಳನ್ನು ಈ ಡಿಸ್ಕ್ ಸೆಕೆಂಡಿಗೆ ಎಪ್ಪತ್ತೈದು ಸಲ ಮಾತ್ರ ಎತ್ತಿಕೊಡಬಲ್ಲದು. ಒಂದು ಸಾಫ್ಟ್‌ವೇರ್ ತೆರೆಯಲು ಇಂಥ 6,000 ಚಿಕ್ಕ ಓದುಗಳು ಬೇಕೆಂದರೆ 80 ಸೆಕೆಂಡ್ ಹೋಯಿತು. ಅಷ್ಟೇ ಮಾಹಿತಿ ಒಂದೇ ಸಾಲಿನಲ್ಲಿ ಜೋಡಿಸಿ ಇಟ್ಟಿದ್ದರೆ ಅರ್ಧ ಸೆಕೆಂಡೂ ಹಿಡಿಯುತ್ತಿರಲಿಲ್ಲ. ತೋಳೂ ತಟ್ಟೆಯೂ ಇಲ್ಲದ ಎಸ್‌ಎಸ್‌ಡಿ ಈ ಚೆಲ್ಲಾಪಿಲ್ಲಿ ಓದನ್ನೂ ಒಂದು ಸೆಕೆಂಡಿನೊಳಗೆ ಮುಗಿಸುತ್ತದೆ. ಹಾರ್ಡ್‌ಡಿಸ್ಕಿನ ಡಬ್ಬಿಯ ಮೇಲೆ ಬರೆದಿರುವ ‘ಸೆಕೆಂಡಿಗೆ ಇಷ್ಟು ಎಂಬಿ’ ಎಂಬ ಲೆಕ್ಕವನ್ನು ನಂಬಿ ಕೂತವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ.

ಇದು ನಿಧಾನವಷ್ಟೆ, ಅನಂತವಲ್ಲ. ಎರಡು ನಿಮಿಷವಾದರೂ ಲೋಡಿಂಗ್ ಒಮ್ಮೆ ಮುಗಿಯುತ್ತದೆ. ಮುಗಿಯದೇ ಹೋಗುವುದು ಡಿಸ್ಕಿನ ಎಲ್ಲೋ ಒಂದು ಕಡೆ ಬರಹ ಮಸುಕಾದಾಗ.

ಡಿಸ್ಕಿನಲ್ಲಿ ಬರೆದ ಪ್ರತಿ ತುಣುಕಿನ ಜೊತೆ ತಪ್ಪು ತಿದ್ದಿಕೊಳ್ಳಲು ಒಂದಿಷ್ಟು ಹೆಚ್ಚುವರಿ ಗುರುತು ಇರುತ್ತದೆ. ಓದಿದ್ದು ಅದಕ್ಕೆ ತಾಳೆಯಾಗದಿದ್ದರೆ ಡಿಸ್ಕ್ ಸುಮ್ಮನಾಗುವುದಿಲ್ಲ. ಇನ್ನೊಂದು ಸುತ್ತು ಕಾಯ್ದು ಮತ್ತೆ ಓದುತ್ತದೆ. ಹೆಡ್ಡನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ ಮತ್ತೆ ಓದುತ್ತದೆ. ಐನೂರು ಸಲ ಯತ್ನಿಸಿದರೆ ನಾಲ್ಕು ಸೆಕೆಂಡ್ ಆಯಿತು. ಅಷ್ಟಾದ ಮೇಲೆ ‘ಆಗಲಿಲ್ಲ’ ಎಂದರೂ ವಿಂಡೋಸ್ ಬಿಡದೆ ಮತ್ತೊಮ್ಮೆ ಕೇಳುತ್ತದೆ, ವಿಂಡೋಸಿಗೆ ಸಿಗದಿದ್ದರೆ ಪ್ರೋಗ್ರಾಂ ಮತ್ತೊಮ್ಮೆ ಕೇಳುತ್ತದೆ. ಪ್ರತಿ ಸಲವೂ ಅದೇ ಐನೂರು ಸುತ್ತು. ಹಿಂದೆ ಹಳ್ಳಿಯ ಬಾಗಿಲುಗಳ ಮೇಲೆ ದೆವ್ವಕ್ಕೆಂದು ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಈ ಡಿಸ್ಕಿನದ್ದೂ ಅದೇ ಉತ್ತರ. ದೆವ್ವದ ಹಾಗೆ ವಿಂಡೋಸೂ ಮರಳಿ ಮರಳಿ ಬರುತ್ತದೆ. ಈ ಹೊತ್ತಿನಲ್ಲಿ ಉಳಿದವರ ಕೋರಿಕೆಗಳೂ ಸರದಿಯಲ್ಲಿ ಸಿಕ್ಕಿಕೊಳ್ಳುವುದರಿಂದ ಸ್ಟಾರ್ಟ್ ಮೆನು ಕೂಡ ತೆರೆಯುವುದಿಲ್ಲ.

ಡಿಸ್ಕಿಗೆ ಇಷ್ಟೊಂದು ಹಟ ಯಾಕೆ? ಅದಕ್ಕೆ ಕಾರಣ ಇದೆ. ಮನೆಯ ಕಂಪ್ಯೂಟರಿನಲ್ಲಿ ಆ ಫೈಲಿನ ಇನ್ನೊಂದು ಪ್ರತಿ ಇರುವುದಿಲ್ಲ ಎಂದು ತಯಾರಕರು ಊಹಿಸಿಕೊಂಡಿದ್ದಾರೆ. ಇದ್ದ ಒಂದನ್ನು ಹೇಗಾದರೂ ಓದಿಕೊಡಬೇಕು. ಹಲವು ಡಿಸ್ಕ್ ಜೋಡಿಸುವ ರೇಯ್ಡ್ ಪೆಟ್ಟಿಗೆಗಳಿಗೆಂದೇ ತಯಾರಾದ ಡಿಸ್ಕುಗಳು ಇಷ್ಟು ಹಟ ಮಾಡುವುದಿಲ್ಲ. ಸುಮಾರು 7 ಸೆಕೆಂಡಿಗೆ ಕೈಚೆಲ್ಲಿ ‘ಇಲ್ಲ’ ಎಂದುಬಿಡುತ್ತವೆ, ಯಾಕೆಂದರೆ ಅದೇ ಮಾಹಿತಿಯನ್ನು ಪಕ್ಕದ ಡಿಸ್ಕುಗಳಿಂದ ಪಡೆಯಬಹುದು. ಹಾಗಾಗಿ ನಿಮ್ಮ ಲೋಡಿಂಗ್ ಪರದೆ ಮುಗಿಯದಿರುವುದು ಒಂದರ್ಥದಲ್ಲಿ ಡಿಸ್ಕಿನ ನಿಷ್ಠೆಯಿಂದಲೇ.

ಡಿಟಿಪಿ ಅಂಗಡಿಗೆ ಬರೋಣ. ಸಾಫ್ಟ್‌ವೇರ್ ನಿಂತಿದ್ದಾಗಲೇ Ctrl+Shift+Esc ಒತ್ತಿ Task Manager ತೆರೆದು, Performance ಭಾಗದಲ್ಲಿ ಡಿಸ್ಕ್ ಮೇಲೆ ಕ್ಲಿಕ್ ಮಾಡಿದೆವು. Active time 100% ಇತ್ತು. ಇದೊಂದನ್ನೇ ನೋಡಿ ತೀರ್ಮಾನಿಸಬಾರದು, ಆರೋಗ್ಯವಾಗಿರುವ ಡಿಸ್ಕೂ ಮೈತುಂಬ ಕೆಲಸವಿದ್ದಾಗ ನೂರು ತೋರಿಸುತ್ತದೆ. ಅದರ ಜೊತೆಯ ಎರಡು ಅಂಕಿಗಳನ್ನು ಕೂಡಿಸಿ ಓದಬೇಕು. Read speed ಸೆಕೆಂಡಿಗೆ ಕೆಲವು ಕೆಬಿಗೆ ಇಳಿದು ಆಗಾಗ ಸೊನ್ನೆಯಾಗುತ್ತಿತ್ತು. Average response time ಮಾತ್ರ 6,000 ಮಿಲಿಸೆಕೆಂಡ್ ದಾಟಿತ್ತು. ಬರೀ ನಿಧಾನವಾದ ಡಿಸ್ಕಿನಲ್ಲಿ ಇದು ಹತ್ತಾರು ಅಥವಾ ನೂರಾರು ಮಿಲಿಸೆಕೆಂಡ್ ಇರುತ್ತದೆ, ಓದೂ ನಡೆಯುತ್ತಿರುತ್ತದೆ. ಪೂರ್ತಿ ಬಿಡುವಿಲ್ಲ, ಆದರೆ ಏನೂ ಕೊಡುತ್ತಿಲ್ಲ ಎಂದರೆ ಅದು ಮಸುಕಾದ ಜಾಗದ ಮುಂದೆ ಕೂತಿದೆ ಎಂದು ಲೆಕ್ಕ.

Event Viewer ಒಳಗಿನ System ದಾಖಲೆಯಲ್ಲೂ ಅದೇ ಸಾಕ್ಷಿ: 153 ಸಂಖ್ಯೆಯ ಎಚ್ಚರಿಕೆಗಳು ಸಾಲಾಗಿ ನಿಂತಿದ್ದವು. ಡಿಸ್ಕಿನ ಇಂಥ ವಿಳಾಸದ ಓದನ್ನು ಮತ್ತೆ ಯತ್ನಿಸಲಾಯಿತು ಎಂಬುದು ಅದರ ಒಕ್ಕಣೆ. ವಿಳಾಸಗಳು ಮತ್ತೆ ಮತ್ತೆ ಅವೇ.

ಆಮೇಲೆ CrystalDiskInfo ಎಂಬ ಉಚಿತ ಪ್ರೋಗ್ರಾಂ ಹಾಕಿದೆವು. ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ‘ಸ್ಮಾರ್ಟ್’ ದಾಖಲೆಯನ್ನು ಅದು ತೋರಿಸುತ್ತದೆ. ಹಳದಿ ಬಣ್ಣದಲ್ಲಿ Caution ಎಂದು ಬಂತು. ಅಲ್ಲಿನ ಉದ್ದ ಪಟ್ಟಿಯಲ್ಲಿ ಮುಖ್ಯವಾಗಿ ನೋಡಬೇಕಾದ್ದು ಎರಡು ಸಾಲು. 05 ಎಂಬುದು ಕೆಟ್ಟುಹೋಗಿ ಬದಲಿ ಜಾಗಕ್ಕೆ ಸ್ಥಳಾಂತರಗೊಂಡ ಸೆಕ್ಟರುಗಳ ಲೆಕ್ಕ. C5 ಎಂಬುದು ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳ ಲೆಕ್ಕ. ಇಲ್ಲಿ 05ರ ಮುಂದೆ ಸೊನ್ನೆ, C5ರ ಮುಂದೆ 000000000018. ಇದು ಹದಿನಾರರ ಲೆಕ್ಕ, ನಮ್ಮ ಲೆಕ್ಕದಲ್ಲಿ 24. ಹದಿನೆಂಟು ಎಂದು ಓದುವವರು ರಿಪೇರಿ ಅಂಗಡಿಗಳಲ್ಲೂ ಇದ್ದಾರೆ.

ಆ ಡಿಸ್ಕ್ ಎಣಿಸುವುದು 512 ಬೈಟಿನ ಸೆಕ್ಟರುಗಳಲ್ಲಿ. 24 ಸೆಕ್ಟರ್ ಎಂದರೆ ಬರೀ 12 ಕೆಬಿ. 1 ಟಿಬಿ ಡಿಸ್ಕನ್ನು ಕಟ್ಟಿಹಾಕಿದ್ದು ಇಷ್ಟೇ ಜಾಗ. ಬದಲಿ ಜಾಗ ಬೇಕಾದಷ್ಟಿದ್ದರೂ ಡಿಸ್ಕ್ ಅದನ್ನು ಬಳಸಿರಲಿಲ್ಲ, ಏಕೆಂದರೆ ಓದಲಾಗದ್ದನ್ನು ಸ್ಥಳಾಂತರಿಸಿದರೆ ಒಳಗಿದ್ದದ್ದು ಶಾಶ್ವತವಾಗಿ ಹೋಯಿತೆಂದೇ ಅರ್ಥ. ಆ ಜಾಗಕ್ಕೆ ಯಾರಾದರೂ ಹೊಸದಾಗಿ ಬರೆಯುವ ತನಕ ಅದು ತೀರ್ಮಾನವನ್ನು ಮುಂದೂಡುತ್ತಲೇ ಇರುತ್ತದೆ. ಆ ಜಾಗದಲ್ಲಿದ್ದದ್ದು ಕನ್ನಡ ಅಲಂಕಾರಿಕ ಫಾಂಟ್‌ಗಳು ಎಂದು ಆಮೇಲೆ ಗೊತ್ತಾಯಿತು. ಡಿಸೈನ್ ಸಾಫ್ಟ್‌ವೇರ್ ತೆರೆಯುವಾಗ ವಿಂಡೋಸಿನ Fonts ಫೋಲ್ಡರಿನಲ್ಲಿ ಇರುವುದನ್ನೆಲ್ಲ ತಡಕುತ್ತದೆ. ಸಾಫ್ಟ್‌ವೇರನ್ನು ಕಿತ್ತುಹಾಕಿದರೂ ಆ ಫೋಲ್ಡರ್ ಇದ್ದ ಹಾಗೇ ಇರುತ್ತದೆ. ಮಾಲೀಕರ ಎರಡೂ ಪ್ರಯತ್ನ ಫಲಿಸದ್ದು ಅದಕ್ಕೇ. ಫಲಿಸಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು. ಹೊಸ ಫೈಲುಗಳು ಬೇರೆ ಜಾಗದಲ್ಲಿ ಕೂತು ಸಾಫ್ಟ್‌ವೇರ್ ತೆರೆದುಕೊಂಡರೆ, ಡಿಸ್ಕ್ ಕಾಯಿಲೆ ಬಿದ್ದಿದೆ ಎಂಬುದೇ ಮರೆತುಹೋಗುತ್ತದೆ.

ಎಲ್ಲ ಅನಂತ ಲೋಡಿಂಗಿಗೂ ಡಿಸ್ಕನ್ನೇ ದೂರಬೇಕಿಲ್ಲ ಎಂಬುದಕ್ಕೆ ಗೇಮ್ ಆಡುವವರಿಗೆ ಒಂದು ಪ್ರಸಿದ್ಧ ಉದಾಹರಣೆ ನೆನಪಿರುತ್ತದೆ. ‘ಜಿಟಿಎ ಆನ್‌ಲೈನ್’ ವರ್ಷಗಟ್ಟಲೆ ಹಲವು ನಿಮಿಷ ಲೋಡ್ ಆಗುತ್ತಿತ್ತು. 2021ರಲ್ಲಿ ಒಬ್ಬ ಆಟಗಾರ ಅದನ್ನು ಬಿಚ್ಚಿ ನೋಡಿದಾಗ ಡಿಸ್ಕ್ ಹೆಚ್ಚುಕಡಿಮೆ ಸುಮ್ಮನಿತ್ತು, ಪ್ರೊಸೆಸರಿನ ಒಂದು ಕೋರ್ ಮಾತ್ರ ಬೆವರುತ್ತಿತ್ತು. ಸುಮಾರು 63,000 ವಸ್ತುಗಳಿದ್ದ 10 ಎಂಬಿಯ ಒಂದು ಪಟ್ಟಿಯನ್ನು ಗೇಮ್ ತೀರಾ ದಡ್ಡ ರೀತಿಯಲ್ಲಿ ಓದುತ್ತಿತ್ತು. ಅದನ್ನು ಸರಿಪಡಿಸಿದಾಗ ಅವನ ಲೋಡಿಂಗ್ ಸಮಯ ಶೇ. 70ರಷ್ಟು ಇಳಿಯಿತು. ಅಲ್ಲಿ ಎಸ್‌ಎಸ್‌ಡಿ ಕೊಂಡು ಹಾಕಿದ್ದರೆ ದುಡ್ಡು ದಂಡ. ಅದಕ್ಕೇ Task Manager ನೋಡದೆ ಅಂಗಡಿಗೆ ಹೋಗಬೇಡಿ ಎನ್ನುವುದು. ಹಾಗೆಯೇ C5 ಸೊನ್ನೆಯಿದ್ದು C7 ಎಂಬ ಸಾಲಿನ ಅಂಕಿ ದಿನದಿಂದ ದಿನಕ್ಕೆ ಏರುತ್ತಿದ್ದರೆ ಮೊದಲು ಸಾಟಾ ಕೇಬಲ್ ಬದಲಿಸಿ ನೋಡಿ, ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಡಿಸ್ಕಿನದ್ದೇ ತಪ್ಪು ಎಂದು ತಿಳಿದಮೇಲೆ ಜನ ಸಾಮಾನ್ಯವಾಗಿ ಮಾಡುವುದು `chkdsk /r` ಓಡಿಸುವುದು, ಇಲ್ಲವೇ ಡಿಫ್ರಾಗ್ ಮಾಡುವುದು. ಎರಡೂ ಅಪಾಯ. ಮೊದಲನೆಯದು ಡಿಸ್ಕನ್ನು ಮೂಲೆಮೂಲೆ ಓದಿ ಗಂಟೆಗಟ್ಟಲೆ ದುಡಿಸುತ್ತದೆ, ಫೈಲುಗಳ ಲೆಕ್ಕಪತ್ರವನ್ನೂ ತಿದ್ದುತ್ತದೆ. ಎರಡನೆಯದು ಸರಿಯಿದ್ದ ಫೈಲುಗಳನ್ನೂ ಎತ್ತಿ ಎತ್ತಿ ಇಡುತ್ತದೆ. ಉಸಿರು ಇರುವಾಗಲೇ ಮೊದಲು ಪ್ರತಿ ತೆಗೆಯಬೇಕು. ನಾವು ಲಿನಕ್ಸ್ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಶುರುಮಾಡಿ, `lsblk` ಕೊಟ್ಟು ಯಾವ ಡಿಸ್ಕ್ ಯಾವುದೆಂದು ಖಚಿತಪಡಿಸಿಕೊಂಡು, ಇನ್ನೊಂದು ದೊಡ್ಡ ಡಿಸ್ಕಿಗೆ ಹೀಗೆ ಪ್ರತಿ ತೆಗೆದೆವು:

```
ddrescue -n /dev/sdb disk.img disk.map
ddrescue -r3 /dev/sdb disk.img disk.map
```

ಮೊದಲ ಸಾಲು ತೊಂದರೆ ಬಂದ ಕಡೆ ಹೆಚ್ಚು ಜಗ್ಗದೆ ದಾಟಿ ಸುಲಭವಾಗಿ ಸಿಗುವುದನ್ನೆಲ್ಲ ಬಾಚಿಕೊಳ್ಳುತ್ತದೆ. ಬಿಟ್ಟ ಜಾಗಗಳ ಪಟ್ಟಿ map ಫೈಲಿನಲ್ಲಿ ಇರುತ್ತದೆ. ಎರಡನೆಯ ಸಾಲು ಆ ಜಾಗಗಳಿಗೆ ಮಾತ್ರ ಹಿಂದಿರುಗಿ ಇನ್ನೂ ಮೂರು ಸಲ ಯತ್ನಿಸುತ್ತದೆ. ಗ್ರಾಹಕರ ಪತ್ರಿಕೆಗಳೆಲ್ಲ ಮೊದಲ ಸುತ್ತಿನಲ್ಲೇ ಬಂದವು, ಕೊನೆಗೂ ಬಾರದ್ದು ಎರಡು ಫಾಂಟ್; ಅವು ಇನ್ನೊಬ್ಬರ ಬಳಿ ಸಿಕ್ಕವು. ಡಿಸ್ಕ್ ‘ಟಕ್ ಟಕ್’ ಎನ್ನುತ್ತಿದ್ದರೆ ಮಾತ್ರ ಇದನ್ನೂ ಮಾಡಬಾರದು. ಆಗ ಕೆಟ್ಟಿರುವುದು ಹೆಡ್ಡು. ಕರೆಂಟು ತೆಗೆದು, ಒಳಗಿರುವುದು ಅಷ್ಟು ಮುಖ್ಯವೆನಿಸಿದರೆ ಡೇಟಾ ರಿಕವರಿ ಮಾಡುವವರಿಗೆ ಕೊಡಬೇಕು.

ಸ್ಮಾರ್ಟ್ ದಾಖಲೆಗೂ ಮಿತಿಯಿದೆ. ಗೂಗಲ್ 2007ರಲ್ಲಿ ತನ್ನ ಡಿಸ್ಕುಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ನೀಲಿ ಬಣ್ಣದ Good ಕಂಡಿತೆಂದು ನಿಶ್ಚಿಂತರಾಗುವಂತಿಲ್ಲ. ಆದರೆ ಸೂಚನೆ ಬಂದಾಗ ತಾತ್ಸಾರ ಕೂಡದು. ಅದೇ ಅಧ್ಯಯನದ ಪ್ರಕಾರ, ಓದುವಲ್ಲಿ ಮೊದಲ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು.

ಅಂಗಡಿಗೆ ಎಸ್‌ಎಸ್‌ಡಿ ಬಂತು. “ಹಳೇದನ್ನ ಫುಲ್ ಫಾರ್ಮ್ಯಾಟ್ ಹೊಡೆದು ಮಗನ ಗೇಮಿಗೆ ಹಾಕ್ಕೊಡ್ಲಾ ಸಾರ್?” ಎಂದು ಮಾಲೀಕರು ಕೇಳಿದರು. ಹಾಗೆ ಮಾಡಿದರೆ ಮಸುಕಾದ ಜಾಗಗಳ ಮೇಲೂ ಹೊಸದಾಗಿ ಬರೆದಂತಾಗಿ ಡಿಸ್ಕ್ ಕೊನೆಗೂ ತೀರ್ಮಾನಕ್ಕೆ ಬರುತ್ತದೆ: C5 ಸೊನ್ನೆಗೆ ಇಳಿಯುತ್ತದೆ, 05 ಬಹುಶಃ ಏರುತ್ತದೆ, ಲೋಡಿಂಗ್ ಕೆಲವು ವಾರ ಸರಾಗ. ಸೆಕೆಂಡ್‌ಹ್ಯಾಂಡ್ ಡಿಸ್ಕುಗಳನ್ನು ಎಷ್ಟೋ ಸಲ ಹೀಗೇ ‘ಸರಿಮಾಡಿ’ ಮಾರುತ್ತಾರೆ. ಕೊಳ್ಳುವವರು C5 ಜೊತೆ 05ನ್ನೂ, ಡಿಸ್ಕ್ ಎಷ್ಟು ಗಂಟೆ ಓಡಿದೆ ಎಂದು ಹೇಳುವ Power On Hours ಅನ್ನೂ ಕೇಳಿ ನೋಡಬೇಕು, ತೋರಿಸಲು ಒಪ್ಪದವರ ಹತ್ತಿರ ವ್ಯಾಪಾರ ಬೇಡ.